ಹತ್ತು ಎಣಿಸುವವರೆಗೆ ಸುಮ್ಮನಿರಿ

ಆ ಸಂದೇಶವನ್ನು ನಾಗರತ್ನ ಒಂದಿಡೀ ಬೆಳಿಗ್ಗೆ ಕೂತು ಬರೆದಿದ್ದಳು. ಮಳವಳ್ಳಿಯ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಅವಳು ಕನ್ನಡದ ಅತಿಥಿ ಉಪನ್ಯಾಸಕಿ. ಕೊರೋನಾ ಬಂದು ಕಾಲೇಜಿಗೆ ಬೀಗ ಬಿದ್ದು ತಿಂಗಳುಗಳೇ ಆಗಿದ್ದವು. ಸೋಮವಾರ ಮೊದಲ ಆನ್‌ಲೈನ್ ತರಗತಿ, ಅದನ್ನು ಅವಳೇ ತೆಗೆದುಕೊಳ್ಳಬೇಕೆಂದು ಪ್ರಿನ್ಸಿಪಾಲರು ಹೇಳಿದ್ದರು. ಮಿಕ್ಕ ಉಪನ್ಯಾಸಕರು ಇಂಗ್ಲಿಷಿನಲ್ಲಿದ್ದ ಸೂಚನೆಯೊಂದನ್ನು ತರಗತಿಯ ವಾಟ್ಸಾಪ್ ಗುಂಪಿಗೆ ಹಾಕಿ ಕೈತೊಳೆದುಕೊಂಡಿದ್ದರು. ಹಳ್ಳಿ ಮಕ್ಕಳು ಅದನ್ನು ಓದಿ ಹೆದರುತ್ತಾರೆಂದು ಇವಳು ಕನ್ನಡದಲ್ಲೇ ಬಿಡಿಸಿ ಬರೆದಳು.

"ಕ್ಯಾಮೆರಾದ ಗಾಜನ್ನು ಒಣ ಬಟ್ಟೆಯಿಂದ ಒರೆಸಿ. ಕಿಟಕಿಗೆ ಬೆನ್ನು ಹಾಕಿ ಕೂತರೆ ಮುಖ ಕಪ್ಪಾಗಿ ಕಾಣುತ್ತದೆ, ಬೆಳಕಿನ ಕಡೆ ತಿರುಗಿ ಕೂರಿ. ಮೀಟ್ ಆ್ಯಪ್ ತೆರೆದಾಗ ಕ್ಯಾಮೆರಾ, ಮೈಕು ಬಳಸಲೇ ಎಂದು ಕೇಳುತ್ತದೆ, ಅಲೋ ಒತ್ತಿ. ತಪ್ಪಿ ಬೇಡ ಎಂದು ಒತ್ತಿದ್ದರೆ ಫೋನಿನ ಸೆಟ್ಟಿಂಗ್ಸಿಗೆ ಹೋಗಿ, ಆ್ಯಪ್‌ಗಳಲ್ಲಿ ಮೀಟ್ ಹುಡುಕಿ, ಪರ್ಮಿಷನ್ ಸರಿಮಾಡಿ. ಲಿಂಕ್ ಒತ್ತಿದಾಗ, ಒಳಗೆ ಸೇರುವ ಮೊದಲು, ನಿಮ್ಮ ಮುಖ ನಿಮಗೇ ಕಾಣುತ್ತದೆ. ಕ್ಯಾಮೆರಾ, ಮೈಕಿನ ಗುರುತಿನ ಮೇಲೆ ಗೀಟಿದ್ದರೆ ಅವು ಆಫ್ ಆಗಿವೆ ಎಂದು ಅರ್ಥ.

ಮೈಕು ಕೆಲಸ ಮಾಡುತ್ತದೆಯೇ ಎಂದು ನೋಡಲು ಇದೇ ವಾಟ್ಸಾಪ್ ಗುಂಪಿನಲ್ಲಿ ಮೈಕಿನ ಗುರುತನ್ನು ಒತ್ತಿ ಹಿಡಿದು ಹೆಸರು ಹೇಳಿ, ಒಂದೆರಡು ಮಾತಾಡಿ. ಆಮೇಲೆ ಬೆರಳು ತೆಗೆಯದೆ, ಮನಸ್ಸಿನಲ್ಲಿ ಹತ್ತು ಎಣಿಸುವವರೆಗೆ ಸುಮ್ಮನಿರಿ. ನೀವು ಕೂತ ಜಾಗದಲ್ಲಿ ಎಷ್ಟು ಸದ್ದಿದೆ ಎಂದು ನನಗೆ ತಿಳಿಯಬೇಕು. ಬೆರಳು ತೆಗೆದ ಕೂಡಲೇ ಅದು ತಾನಾಗಿ ಬರುತ್ತದೆ. ಒಬ್ಬೊಬ್ಬರಿಗೂ ಉತ್ತರ ಕೊಡುತ್ತೇನೆ."

ಆ ಹತ್ತು ಎಣಿಸುವ ಮಾತು ಅವಳ ಸ್ವಂತದ್ದು. ಮಾತಾಡುವಾಗ ಎಲ್ಲ ಮನೆಗಳೂ ಒಂದೇ ಥರ ಕೇಳಿಸುತ್ತವೆ, ಮಾತು ನಿಂತಾಗಲೇ ಮನೆ ಎಂಥದೆಂದು ತಿಳಿಯುವುದು ಎಂದುಕೊಂಡಿದ್ದಳು. ಅದು ಹೊಳೆದದ್ದಕ್ಕೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಗಿತ್ತು.

ಮೊದಲು ಬಂದದ್ದು ಮಹದೇವುವಿನ ಧ್ವನಿ. ಹೆಸರು ಹೇಳಿ ಅವನು ಸುಮ್ಮನಾದ ಮೇಲೆ ಪಂಪ್‌ಸೆಟ್ಟಿನ ಸದ್ದು ಭರ್ರೋ ಎಂದಿತು. ಅಲ್ಲಿಂದ ಎದ್ದು ಬೇರೆ ಕಡೆ ಕೂರಲು ಅವಳು ಬರೆದಳು. ಎರಡನೆಯದು ದೀಪಿಕಳದು.

ಮದ್ದೂರು ರಸ್ತೆಯ ಹಳ್ಳಿಯೊಂದರ ಗೌಡರ ಮನೆಯ ಹುಡುಗಿ ದೀಪಿಕ. ಪದ್ಯ ಓದುವಾಗ ಇಡೀ ತರಗತಿಯಲ್ಲಿ ತಲೆಯೆತ್ತಿ ಕೇಳುತ್ತಿದ್ದವಳು ಅವಳೊಬ್ಬಳೇ. ಹಿಂದಿನ ವರ್ಷ ಅವಳನ್ನು ಕಾಲೇಜು ಬಿಡಿಸುವ ಮಾತು ಬಂದಾಗ ನಾಗರತ್ನ ಬಸ್ಸು ಹತ್ತಿ ಆ ಮನೆಗೆ ಹೋಗಿದ್ದಳು. ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿದ್ದರು. ಒಳಗೆ ಕರೆಯಲಿಲ್ಲ. ಕಾಫಿ ಪೇಪರ್ ಲೋಟದಲ್ಲಿ ಬಂತು. ಬಂದು ಹೋಗುವವರು ಹೆಚ್ಚಿರುವ ಮನೆ, ಲೋಟ ತೊಳೆಯುವವರು ಯಾರು ಎಂದು ಅವಳೇ ಆ ಮನೆಯವರ ಪರವಾಗಿ ಕಾರಣ ಹುಡುಕಿಕೊಂಡಿದ್ದಳು. ಹೇಗಿದ್ದರೇನು, ಹುಡುಗಿಯನ್ನು ಕಾಲೇಜು ಬಿಡಿಸಲಿಲ್ಲ. ತನ್ನ ಅಪ್ಪ ಹುಚ್ಚೀರಯ್ಯ ಊರೂರು ತಿರುಗಿ ಕಬ್ಬು ಕಡಿದು ಓದಿಸಿದ ಎಂಎ ಅವತ್ತು ಒಂದು ಕೆಲಸಕ್ಕೆ ಬಂತು ಎಂದು ಬಸ್ಸಿನಲ್ಲಿ ಅನ್ನಿಸಿತ್ತು.

ಹಾಗಾಗಿ ಆ ಧ್ವನಿಯನ್ನು ಅವಳು ಸ್ಪೀಕರ್ ಜೋರು ಮಾಡಿ ಕೇಳಿದಳು. ಅಡುಗೆಮನೆಯ ಬಾಗಿಲಲ್ಲಿ ಅವಳ ಅವ್ವ ಚಿಕ್ಕಲಕ್ಷ್ಮಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದಳು.

"ನನ್ನ ಹೆಸರು ದೀಪಿಕ. ನಾಗರತ್ನ ಮಿಸ್, ನನ್ನ ಧ್ವನಿ ಕೇಳಿಸ್ತಿದೆಯಾ? ಸೋಮವಾರಕ್ಕೆ ಕಾಯ್ತಾ ಇದೀನಿ."

ಆಮೇಲೆ ಮೌನ. ದೂರದಲ್ಲೊಂದು ಕುರಿ ಅರಚಿತು. ಅಷ್ಟರಲ್ಲಿ ಹತ್ತಿರದಿಂದಲೇ ಒಂದು ಮುದಿ ದನಿ ಕೇಳಿತು. ಅದು ದೀಪಿಕಳ ಅಜ್ಜಿ ಮಲ್ಲಿಗಮ್ಮನದು.

"ಯಾರದು ಮಗಾ, ಓದ್ ವರ್ಸ ಬಂದಿದ್ಲಲ್ಲ, ಆ ಒಲಗೇರಿ ಮೇಡಮ್ಮಾ? ಫೋನ್ನಾಗ್ ತಾನೇ ಬರೋದು, ಬರ್ಲಿ ಬುಡು. ಜಗ್ಲಿ ತೊಳ್ಯೋದಾರ ತಪ್ತು."

"ಸುಮ್ಕಿರಜ್ಜಿ, ರೆಕಾರ್ಡಾಯ್ತಾ ಅದೆ."

ಅಲ್ಲಿಗೆ ಮುಗಿಯಿತು.

ನಾಗರತ್ನ ಫೋನನ್ನು ಮಂಚದ ಮೇಲೆ ಮಗುಚಿ ಇಟ್ಟಳು. ಅವ್ವ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ತಲೆಯೆತ್ತದೆ ಕೇಳಿದಳು.

"ನಿಂಗ್ ಗೊತ್ತಿರ್ನಿಲ್ವಾ?"

ಅವ್ವ ಸಿಪ್ಪೆಯನ್ನು ಮೊರಕ್ಕೆ ಒಟ್ಟಿಕೊಂಡು, ಒಲೆಯ ಮೇಲಿನ ಅನ್ನ ನೋಡಬೇಕೆಂದು ಒಳಗೆ ಹೋದಳು.

ಮತ್ತೆ ಫೋನು ನೋಡುವಷ್ಟರಲ್ಲಿ ಆ ಧ್ವನಿ ಇದ್ದ ಜಾಗದಲ್ಲಿ, ಈ ಸಂದೇಶವನ್ನು ಅಳಿಸಲಾಗಿದೆ ಎಂಬ ಸಾಲಷ್ಟೇ ಉಳಿದಿತ್ತು. ಗುಂಪಿನಲ್ಲಿ ತರಗತಿಯ ಮಕ್ಕಳೆಲ್ಲ ಇದ್ದರು, ಉಪನ್ಯಾಸಕರೂ ಇದ್ದರು. ಯಾರು ಕೇಳಿದ್ದರು, ಯಾರು ಕೇಳಿರಲಿಲ್ಲ ಎಂದು ತಿಳಿಯುವಂತಿರಲಿಲ್ಲ. ಒಬ್ಬರೂ ಒಂದಕ್ಷರ ಬರೆಯಲಿಲ್ಲ. ಆಮೇಲೆ ಒಂದೊಂದಾಗಿ ಬೇರೆ ಧ್ವನಿಗಳು ಬರತೊಡಗಿದವು. ನನ್ನ ಹೆಸರು ರಂಜಿತ. ನನ್ನ ಹೆಸರು ಸ್ವಾಮಿ. ಹೆಸರು ಹೇಳಿದ ಮರುಕ್ಷಣವೇ ಎಲ್ಲವೂ ಕತ್ತರಿಸಿದಂತೆ ನಿಲ್ಲುತ್ತಿದ್ದವು. ಹತ್ತು ಎಣಿಸುವವರೆಗೆ ಒಬ್ಬರೂ ಬೆರಳು ಹಿಡಿದಿರಲಿಲ್ಲ. ಎಲ್ಲರೂ ಕೇಳಿದ್ದಾರೆಂದು ಅವಳಿಗೆ ಆಗ ಗೊತ್ತಾಯಿತು.

ಮಧ್ಯಾಹ್ನ ಇತಿಹಾಸದ ಶಿವರಾಜು ಫೋನು ಮಾಡಿದರು. ಕಾಯಂ ಕೆಲಸದ ಹಿರಿಯ ಉಪನ್ಯಾಸಕರು, ಕೆಟ್ಟವರೇನಲ್ಲ. ಮೊದಲು ಊಟ ಆಯಿತೇ ಎಂದು ಕೇಳಿದರು. ಪ್ರಿನ್ಸಿಪಾಲರು ಕೇಳಿಸಿಕೊಂಡಿದ್ದಾರೆ, ಅವರಿಗೂ ಬೇಜಾರಾಗಿದೆ, ಆದರೆ ಹುಡುಗಿಯ ಅಪ್ಪ ಆಡಳಿತ ಮಂಡಳಿಯವರಿಗೆ ಬೇಕಾದವರು ಎಂದರು. ಹಳೇ ಕಾಲದ ಅಜ್ಜಿಯ ಬಾಯಿ, ಅದನ್ನು ಹಿಡಿದುಕೊಂಡು ಕೂರಬಾರದು ಎಂದೂ ಹೇಳಿದರು. ನಾಗರತ್ನ ಹೂಂಗುಟ್ಟುತ್ತ ಹೋದಳು. ಕೊನೆಗೆ ಅವರು ತಗ್ಗಿದ ದನಿಯಲ್ಲಿ, ಬುದ್ಧಿ ಹೇಳುವವರಂತೆ ಹೇಳಿದರು:

"ನಿಂದೂ ತಪ್ಪೈತೆ ಕಣಮ್ಮ. ಎಸ್ರು ಏಳಿ ಬುಟ್ಬುಡಿ ಅನ್ನೋದ್ ಬುಟ್ಟು, ಸುಮ್ನಿರಿ ಅಂತ ಯಾಕ್ ಬರ್ದೆ? ಜನ್ರ ಮನೆ ಮಾತು ಕೇಳಿ ನಮ್ಗೇನಾಗ್ಬೇಕಿತ್ತು? ಆ ಸಾಲ್ ತೆಗ್ದು ಇನ್ನೊಂದ್ ಸಲ ಹಾಕ್ಬುಡು."

ಅವಳಿಗೆ ನಗು ಬಂದಂತಾಯಿತು, ಬರಲಿಲ್ಲ. ಮುಂದಿನ ವರ್ಷದ ನೇಮಕಾತಿಯ ಮಾತನ್ನು ಅವರು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಅವಳು ಬೆಳಗಿನ ಸಂದೇಶವನ್ನು ನಕಲು ಮಾಡಿ, ಆ ಸಾಲುಗಳನ್ನು ಅಳಿಸಿ, ಗುಂಪಿಗೆ ಮತ್ತೆ ಹಾಕಿದಳು. ಅದಕ್ಕೆ ತಕ್ಷಣವೇ ಹತ್ತಾರು ಒಪ್ಪಿಗೆಯ ಹೆಬ್ಬೆರಳುಗಳು ಬಂದವು.

ಅಜ್ಜಿಯ ಮಾತು ಅವಳಿಗೆ ಹೊಸದೇನಲ್ಲ. ಅಂಥ ಮಾತಿನ ನಡುವೆಯೇ ಬೆಳಕವಾಡಿಯ ಹೊಲಗೇರಿಯಲ್ಲಿ ಬೆಳೆದವಳು, ಮೈಸೂರಿನ ಹಾಸ್ಟೆಲಿನಲ್ಲಿ ಓದಿದವಳು. ಮನಸ್ಸಿನಿಂದ ಹೋಗದೆ ಇದ್ದದ್ದು ಹುಡುಗಿಯ ಮಾತು. ಹಂಗನ್ನಬೇಡ ಅಜ್ಜಿ ಎಂದಿದ್ದರೆ ಒಂದು ಥರ. ರೆಕಾರ್ಡಾಗುತ್ತಿದೆ ಎಂದಳಲ್ಲ. ರೆಕಾರ್ಡಾಗದ ಹೊತ್ತಿನಲ್ಲಿ ಏನನ್ನುತ್ತಿದ್ದಳು? ಇಡೀ ಕಾಲೇಜಿನಲ್ಲಿ ಇವಳೊಬ್ಬಳಾದರೂ ತನ್ನನ್ನು ಬರೀ ಮಿಸ್ ಎಂದು ನೋಡುತ್ತಾಳೆ ಎಂಬ ನಂಬಿಕೆಯನ್ನು ನಾಗರತ್ನ ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು. ಅದು ಉಳಿಯುತ್ತದೋ ಇಲ್ಲವೋ ಎಂದು ತಿಳಿಯದೆ ಸೋಮವಾರ ಪಾಠ ಶುರುಮಾಡುವುದು ಆಗದ ಮಾತು.

ಸಂಜೆ ಹೊತ್ತಿಗೆ ದೀಪಿಕ ಇನ್ನೊಂದು ಧ್ವನಿ ಕಳಿಸಿದಳು. ಈ ಸಲ ಗುಂಪಿಗೆ ಹಾಕದೆ ನಾಗರತ್ನಳ ನಂಬರಿಗೇ ಕಳಿಸಿದ್ದಳು. ಕಬ್ಬಿನ ಗದ್ದೆಯ ಬದುವಿಗೆ ಹೋಗಿ ಹೇಳಿದ್ದಿರಬೇಕು, ಹಿಂದೆ ಗರಿಗಳ ಸರಸರ ಇತ್ತು. ಸಾರಿ ಮಿಸ್, ಅಜ್ಜಿಗೆ ನೀವು ಕೇಳಿಸಿಕೊಳ್ಳುತ್ತೀರೆಂದು ಗೊತ್ತಿರಲಿಲ್ಲ, ಈಗ ಚೆನ್ನಾಗಿ ಕೇಳಿಸುತ್ತಿದೆಯೇ ಎಂದು ಕೇಳಿದ್ದಳು. ಆಮೇಲೆ ಬೆಳಗಿನ ಸಂದೇಶದಲ್ಲಿದ್ದಂತೆ ಸುಮ್ಮನಿದ್ದಳು. ಹತ್ತಕ್ಕಿಂತ ಹೆಚ್ಚೇ ಎಣಿಸಿರಬೇಕು. ಗಾಳಿ ಬಿಟ್ಟರೆ ಬೇರೆ ಸದ್ದಿರಲಿಲ್ಲ.

ನಾಗರತ್ನ ಅವಳಿಗೆ ಕರೆ ಮಾಡಿದಳು. ಒಂದೇ ಸಲಕ್ಕೆ ಎತ್ತಿದಳು ಹುಡುಗಿ.

"ದೀಪಿಕ, ಒಂದ್ ಕೇಳ್ತೀನಿ, ನಿಜ ಹೇಳಮ್ಮ. ಅವತ್ತು ನಾನ್ ಎದ್ದೋದ್ಮೇಲೆ ಜಗ್ಲಿ ತೊಳ್ದೋರು ಯಾರು?"

ಗರಿಗಳ ಸದ್ದು ಮಾತ್ರ ಕೇಳುತ್ತಿತ್ತು.

"ನಾನೇ ಮಿಸ್," ಎಂದಳು ದೀಪಿಕ. "ತೊಳಿ ಅಂತ ಅಜ್ಜಿ ಏಳ್ತು, ನೀರಾಕ್ದೆ. ನೀವಿನ್ನೂ ಬಸ್‌ಸ್ಟಾಪಲ್ಲೇ ನಿಂತಿದ್ರಿ. ನನ್ನ ನೋಡಿ ಕೈ ಬೀಸುದ್ರಿ. ನಾನೂ ಬೀಸ್ದೆ."

ನಾಗರತ್ನಳಿಗೆ ಅದು ನೆನಪಿತ್ತು. ಹುಡುಗಿ ತನ್ನನ್ನು ಬೀಳ್ಕೊಡಲು ಹೊರಗೆ ಬಂದಿದ್ದಾಳೆಂದುಕೊಂಡಿದ್ದಳು. ಕೈಯಲ್ಲಿ ಬಕೆಟ್ಟಿತ್ತೇ ಎಂದು ಈಗ ಎಷ್ಟು ಯೋಚಿಸಿದರೂ ಕಣ್ಣಿಗೆ ಬರಲಿಲ್ಲ.

ಅತ್ತ ಹುಡುಗಿ ಅಳುತ್ತಿದ್ದಳು. ಅವಳಿಗೆ ಸಮಾಧಾನ ಹೇಳಬೇಕಾದವಳೂ ತಾನೇ ಎಂಬುದು ನಾಗರತ್ನಳಿಗೆ ಹೊಳೆಯಿತು. ಅಷ್ಟು ದಿನದ ಅಭ್ಯಾಸದಿಂದ ಸಮಾಧಾನದ ಮಾತು ಬಾಯಿಗೆ ಬಂತು, ಆದರೆ ಅದನ್ನು ಆಡಲಿಲ್ಲ. ನಾಳಿದ್ದು ಇಯರ್‌ಫೋನ್ ಹಾಕಿಕೊಂಡು ಕೂರು, ಅದರ ಮೈಕು ಬಾಯಿಗೆ ಹತ್ತಿರವಿರುತ್ತದೆ, ಹಿಂದಿನ ಮಾತು ಅಷ್ಟಾಗಿ ಬರುವುದಿಲ್ಲ, ಮಾತಾಡದಾಗ ಮೈಕನ್ನು ಮ್ಯೂಟ್ ಮಾಡು ಎಂದು ಹೇಳಿ ಫೋನು ಇಟ್ಟಳು.

ಸೋಮವಾರ ಅವಳು ಹೊತ್ತಿಗೆ ಮುಂಚೆಯೇ ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂತು ಲಿಂಕ್ ಒತ್ತಿದಳು. ತಲೆ ಬಾಚಿ, ಇಸ್ತ್ರಿ ಸೀರೆ ಉಟ್ಟಿದ್ದಳು. ಒಳಗೆ ಸೇರುವ ಮೊದಲು ಅವಳ ಮುಖ ಅವಳಿಗೇ ಕಂಡಿತು. ಇನ್ನು ಸ್ವಲ್ಪ ಹೊತ್ತಿಗೆ ಈ ಮುಖ ಅಷ್ಟೂ ಮನೆಗಳ ಒಳಗಿರುತ್ತದೆ, ಜಗಲಿ ದಾಟಿ, ನಡುಮನೆಯಲ್ಲಿ, ದೇವರ ಗೂಡಿನ ಕೆಳಗೂ ಇರಬಹುದು. ತೊಳೆಯಲು ಅಲ್ಲೇನೂ ಇರುವುದಿಲ್ಲ. ಬಾಗಿಲಲ್ಲಿ ಅವ್ವ ಕಾಫಿ ಹಿಡಿದು ನಿಂತು, ಶುರುವಾಯ್ತಾ ಎಂದು ಕಣ್ಣಲ್ಲೇ ಕೇಳಿದಳು.

ನಾಗರತ್ನ ಕ್ಯಾಮೆರಾದ ಗುರುತನ್ನು ಒತ್ತಿದಳು. ಅದರ ಮೇಲೆ ಗೀಟು ಬಿತ್ತು, ಮುಖ ಹೋಯಿತು. ಆಮೇಲೆ ಒಳಗೆ ಸೇರಿದಳು.

ಮಕ್ಕಳು ಒಬ್ಬೊಬ್ಬರಾಗಿ ಬಂದರು. ಹೆಚ್ಚಿನವರು ಬಣ್ಣದ ವೃತ್ತದೊಳಗಿನ ಒಂದೊಂದು ಅಕ್ಷರವಾಗಿ ಕೂತರು. ದೀಪಿಕ ಮಾತ್ರ ಇಯರ್‌ಫೋನ್ ಹಾಕಿಕೊಂಡು, ಸಂದೇಶದಲ್ಲಿ ಹೇಳಿದ್ದಂತೆ ಬೆಳಕಿಗೆ ತಿರುಗಿ ಕೂತಿದ್ದಳು. ಕಣ್ಣು ಊದಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು.

"ಮಿಸ್, ನೀವು ಕಾಣುಸ್ತಿಲ್ಲ," ಎಂದ ಮಹದೇವು.

"ಕೇಳುಸ್ತಿದೀನಲ್ಲ," ಎಂದು ನಾಗರತ್ನ ಹಾಜರಿ ಕರೆಯಲು ಶುರುಮಾಡಿದಳು.