ನಡುವಿನ ಹನ್ನೆರಡು ನಿಮಿಷ

ತೀರಿಹೋದ ಅಪ್ಪನ ಸ್ಟುಡಿಯೋದ ಕಂಪ್ಯೂಟರ್ ಮಧ್ಯಾಹ್ನದೊಳಗೆ ಕೊಂಡವರ ಕೈಸೇರಬೇಕಿತ್ತು. ಅವರು ಒಯ್ದ ಮೇಲೆ ಡಿಸ್ಕ್ ಅಳಿಸಿಬಿಡುತ್ತಾರೆ. ಅದರೊಳಗಿದ್ದ ಮನೆಯ ವಿಡಿಯೋಗಳಿಗೆ ಬೇರೆಲ್ಲೂ ಪ್ರತಿ ಇರಲಿಲ್ಲ. ಹಳೆಯ ಟೇಪುಗಳು ಎಂದೋ ಬೂಸ್ಟು ಹಿಡಿದು ಹೋಗಿದ್ದವು.

ಅಪ್ಪ ಊರಿನ ಅರ್ಧ ಮದುವೆಗಳನ್ನು ಕ್ಯಾಮೆರಾದಲ್ಲಿ ಹಿಡಿದವರು. ಪ್ರತಿ ಮಾಡಿದ ಮೇಲೆ ಮೊದಲ ನಿಮಿಷ, ಕೊನೆಯ ನಿಮಿಷ ನೋಡಿ ಎದ್ದುಬಿಡುತ್ತಿದ್ದರು. ಮಗಳು ಅವರ ಹತ್ತಿರವೇ ಎಡಿಟಿಂಗ್ ಕಲಿತಳು, ಆದರೆ ಈ ಒಂದು ಪಾಠ ಮಾತ್ರ ಅವಳ ತಲೆಗೆ ಹತ್ತಲೇ ಇಲ್ಲ.

ಅವಳು ಎಕ್ಸ್‌ಟರ್ನಲ್ ಡ್ರೈವ್‌ಗೆ ನಲವತ್ತೊಂದು ಫೈಲು ಹಾಕಿ, ಅದನ್ನು ಕಳಚಿ ಮತ್ತೆ ಚುಚ್ಚಿದಳು. ಹಾಗೆ ಮಾಡದಿದ್ದರೆ ಕಂಪ್ಯೂಟರ್ ಡ್ರೈವನ್ನು ಓದದೆ ತನ್ನ ನೆನಪಿನಲ್ಲಿದ್ದದ್ದನ್ನೇ ಒಪ್ಪಿಸಿಬಿಡಬಹುದು. ಆಮೇಲೆ ಚೆಕ್‌ಸಮ್ ನಡೆಸಿದಳು. ಅದು ಫೈಲನ್ನು ಮೊದಲಿಂದ ಕೊನೆಯವರೆಗೆ ಓದಿ ಅಂಕಿ-ಅಕ್ಷರಗಳ ಒಂದು ಉದ್ದನೆಯ ಗುರುತು ಕೊಡುತ್ತದೆ. ಒಳಗೆ ಒಂದು ಚೂರು ಬದಲಾದರೂ ಗುರುತೇ ಬೇರೆಯಾಗುತ್ತದೆ. ನಲವತ್ತು ಫೈಲುಗಳ ಗುರುತು ಮೂಲದ್ದಕ್ಕೆ ಹೊಂದಿತು. ಒಂದರದ್ದು ಹೊಂದಲಿಲ್ಲ.

"ಸೈಜು ಸರಿಯಾಗಿದೆ, ಓಡ್ತಾನೂ ಇದೆ. ಇನ್ನೇನಕ್ಕಾ?" ಎಂದ ತಮ್ಮ. "ಕೊಂಡವರು ಬಾಗಿಲಲ್ಲಿ ನಿಂತಿದ್ದಾರೆ."

"ನಿಲ್ಲಲಿ. ನಿಂತರೆ ಕಾಲೇನು ಸವೆಯಲ್ಲ."

ಹೊಂದದೆ ಉಳಿದದ್ದು ಅಪ್ಪ ಹೊಸ ಕ್ಯಾಮೆರಾ ತಂದ ದಿನದ ವಿಡಿಯೋ. ಶುರುವಿನಲ್ಲಿ ಅಡುಗೆಮನೆಯ ಅಮ್ಮ: "ಅಯ್ಯೋ, ನೆಲ ಒರೆಸಿಲ್ಲ, ತೆಗೀಬೇಡಿ!" ಕೊನೆಯಲ್ಲಿ ಬರಿಯ ಕಿಟಕಿ. ಅವಳು ನಡುವಿಗೆ ಸರಿಸಿದಳು. ಹದಿನೆಂಟನೆಯ ನಿಮಿಷಕ್ಕೆ ಚಿತ್ರ ಚೌಕಚೌಕವಾಗಿ ಒಡೆದು, ದನಿ ತುಂಡಾಗಿ, ಮೂವತ್ತನೆಯ ನಿಮಿಷದ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಮತ್ತೆ ಕಿಟಕಿ ಕಂಡಿತು.

ತಮ್ಮ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ.

ಮೂಲ ಫೈಲು ಇನ್ನೂ ಚೆನ್ನಾಗಿತ್ತು. ಎರಡು ಸಲ ಓದಿಸಿದರೂ ಒಂದೇ ಗುರುತು ಬಂತು. ಅವಳು ಸಡಿಲವಾಗಿದ್ದ ಕೇಬಲ್ ಎಸೆದು, ಬೇರೆಯದು ಹಾಕಿ ಮತ್ತೆ ಪ್ರತಿ ಮಾಡಿದಳು. ಕಳಚಿ, ಚುಚ್ಚಿ, ಪರೀಕ್ಷಿಸಿದಳು. ಈಗ ಎರಡು ಗುರುತುಗಳೂ ಅಕ್ಷರಕ್ಕಕ್ಷರ ಒಂದೇ. ಆಗ ಮೊದಲ ಸಲ ಇಬ್ಬರೂ ಆ ನಡುವಿನ ಭಾಗ ನೋಡಿದರು.

ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಕ್ಯಾಮೆರಾ ಕಸಿದುಕೊಂಡಳು. ಚಿತ್ರ ಸೂರು, ಗೋಡೆ, ನೆಲವೆಂದು ಹೊರಳಿ, ಒಬ್ಬ ತೆಳ್ಳನೆಯ ಗಂಡಸಿನ ಮೇಲೆ ನಿಂತಿತು. ಜೀವಮಾನವೆಲ್ಲ ಕ್ಯಾಮೆರಾದ ಹಿಂದೆಯೇ ಇದ್ದ ಅಪ್ಪ. ಬೇರೆ ಯಾವ ವಿಡಿಯೋದಲ್ಲೂ ಅವರಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ, ಒಂದು ಸಲ ಕಟ್ಟಿ, ಒಂದು ಸಲ ಬಿಟ್ಟು, ನಾಚಿ ನಗುತ್ತಿದ್ದರು.

"ಏನಾದ್ರೂ ಮಾತಾಡ್ರೀ," ಎಂದಳು ಅಮ್ಮ.

"ಏನ್ ಮಾತಾಡ್ಲಿ? ನೀನು ನೋಡ್ತಿದೀಯಲ್ಲ, ಸಾಕು."

ತಮ್ಮ ಎದ್ದು ಬಾಗಿಲಿಗೆ ಹೋದ. "ಇನ್ನೊಂದು ಗಂಟೆ ಆಗುತ್ತೆ ಸರ್, ಒಳಗೆ ಬಂದು ಕೂತ್ಕೊಳ್ಳಿ," ಎಂದ. ಹಿಂದಿರುಗಿ, ಕಣ್ಣು ಒರೆಸಿಕೊಳ್ಳಲೂ ಮರೆತು, ತನ್ನ ಚೀಲದಿಂದ ಇನ್ನೊಂದು ಡ್ರೈವ್ ತೆಗೆದು ಅಕ್ಕನ ಮುಂದಿಟ್ಟ.

"ಇದಕ್ಕೂ ಹಾಕು. ಗುರುತು ನಾನೇ ನೋಡ್ತೀನಿ."