ಬ್ಲಾಕಿನ ಹೆಸರಿಲ್ಲದ ಡಿಮ್ಯಾಂಡ್ ನೋಟ್

ಫ್ಲ್ಯಾಟ್ ಕಟ್ಟುವವರು ನಮ್ಮ ಆಫೀಸಿನ ಯಜಮಾನರು, ಹಣ ಹೋಗುವುದು ಅವರ ಖಾತೆಗೆ, ಆದರೆ ಜನ ಬೈಯುವುದು ಮಾತ್ರ ನನ್ನನ್ನು. ಯಾಕೆಂದರೆ ಕಂತು ಕಟ್ಟಿ ಎಂದು ಹೋಗುವ ಪ್ರತಿ ಡಿಮ್ಯಾಂಡ್ ನೋಟಿನ ಕೆಳಗೆ ಇರುವುದು ನನ್ನ ಸಹಿ. ಹದಿನೇಳು ವರ್ಷದಿಂದ ಇದೇ ಕೆಲಸ. ಆಫೀಸಿನಲ್ಲಿ ನನಗೆ ಬಿಲ್ಲಕ್ಕ ಎಂದೇ ಹೆಸರು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದೂ ಹೇಳುತ್ತಾರಂತೆ. ಇರಲಿ, ಇನ್ನೆಲ್ಲಿ ಇಟ್ಟುಕೊಳ್ಳಲಿ?

ಆ ಮಂಗಳವಾರ ಬೆಳಿಗ್ಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಫೈಲು ಹಿಡಿದು ಬಂದಳು. ನಮ್ಮ ಕಾಂಪ್ಲೆಕ್ಸಿನ ಬಿ ಬ್ಲಾಕಿನಲ್ಲಿ ನೆಲಮಹಡಿಯ ಎರಡನೇ ನಂಬರ್ ಫ್ಲ್ಯಾಟು ಅವಳದೂ ಅವಳ ಅಮ್ಮನದೂ. ಐದನೇ ಸ್ಲ್ಯಾಬಿನ, ಅಂದರೆ ಐದನೇ ಚಾವಣಿ ಹಾಕಿದ ಮೇಲೆ ಕೊಡಬೇಕಾದ, ಕಂತು ಕಟ್ಟಿಲ್ಲವೆಂದು ಬುಕಿಂಗ್ ರದ್ದುಮಾಡುವ ಎಚ್ಚರಿಕೆ ಪತ್ರ ಹೋಗಿತ್ತು. ಶುಕ್ರವಾರ ಅದರ ಗಡುವು ಮುಗಿಯುತ್ತಿತ್ತು.

"ಬ್ಯಾಂಕಿನವರು ಸಾಲದ ದುಡ್ಡು ಬಿಡ್ತಿಲ್ಲ ಮೇಡಂ," ಎಂದಳು. "ನೀವು ಫ್ಲ್ಯಾಟ್ ರದ್ದು ಮಾಡ್ತೀವಿ ಅಂತೀರಿ. ನಾನು ಯಾರ ಹತ್ರ ಹೋಗ್ಲಿ?"

"ನೆಲಮಹಡಿಯವಳು ಐದನೇ ಸ್ಲ್ಯಾಬಿಗೆ ಯಾಕೆ ಕೊಡ್ಲಿ ಅಂತ ಕೇಳೋಕೆ ಬಂದ್ರಾ?" ಎಂದೆ. ಇಂಥ ಪ್ರಶ್ನೆ ಕೇಳುವವರು ತಿಂಗಳಿಗೆ ಇಬ್ಬರಾದರೂ ಬರುತ್ತಾರೆ. ಕಟ್ಟಡ ಎಲ್ಲರದೂ, ಸ್ಲ್ಯಾಬು ಏರಿದ ಹಾಗೆ ಎಲ್ಲರೂ ಕೊಡಬೇಕು ಎಂದು ಕರಾರಿನಲ್ಲೇ ಇದೆ ಎನ್ನುವ ನನ್ನ ಭಾಷಣ ನಾಲಿಗೆ ತುದಿಯಲ್ಲಿತ್ತು.

"ಅದು ಗೊತ್ತು. ಕರಾರು ಓದಿದೀನಿ. ಐದನೇ ಸ್ಲ್ಯಾಬ್ ಆಗಲಿ, ಅವತ್ತೇ ಕೊಡ್ತೀನಿ. ಆಗಿಲ್ವಲ್ಲ."

"ಆಗಿದೆ. ಎಂಜಿನಿಯರ್ ಸರ್ಟಿಫಿಕೇಟ್ ಕೊಟ್ಟಿದಾರೆ."

"ಬ್ಯಾಂಕಿನ ಎಂಜಿನಿಯರ್ ಹೋಗಿ ನೋಡಿ ಬಂದ್ರು. ಬಿ ಬ್ಲಾಕಲ್ಲಿ ಮೂರೇ ಅಂತೆ. ನಾನೂ ನಿನ್ನೆ ಡ್ಯೂಟಿ ಮುಗಿಸಿ ಹೋಗಿ ಎಣಿಸಿದೆ."

ಅವಳ ಕೈಯಿಂದ ನೋಟು ಇಸಿದುಕೊಂಡೆ. ಫ್ಲ್ಯಾಟ್ ನಂಬರು ನೆಲ-ಎರಡು. ಹಂತ: ಐದನೇ ಸ್ಲ್ಯಾಬ್ ಮುಕ್ತಾಯ. ಬೆಲೆಯ ಶೇಕಡಾ ಹತ್ತು, ತೆರಿಗೆ, ಒಟ್ಟು ಮೊತ್ತ, ಕೊನೆಯ ದಿನ. ಯಾವ ಬ್ಲಾಕು ಎಂದೇ ಇಲ್ಲ. ಎ ಬ್ಲಾಕಿನಲ್ಲೂ ನೆಲ-ಎರಡು ಒಂದಿದೆ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ನನ್ನ ಕಾಗದ ಯಾವ ಕಡೆಯದೆಂದು ಹೇಳದೆ ಕೂತಿತ್ತು.

"ನಮ್ಮ ಲ್ಯಾಬಿಗೆ ಹೆಸರು ಬರೀದೆ ರಕ್ತದ ಟ್ಯೂಬ್ ಬಂದ್ರೆ ಪರೀಕ್ಷೆನೇ ಮಾಡಲ್ಲ ಮೇಡಂ," ಎಂದಳು ಮೆಲ್ಲಗೆ. "ಎಷ್ಟೇ ಅರ್ಜೆಂಟ್ ಇದ್ರೂ ವಾಪಸ್ ಕಳಿಸ್ತೀವಿ. ಬೇರೆಯವರ ಕಾಯಿಲೆ ಇವರ ತಲೆಗೆ ಬರಬಾರದಲ್ಲ."

ನೋಟಿನಿಂದ ಬ್ಲಾಕಿನ ಸಾಲು ತೆಗೆದವಳು ನಾನೇ. ಹೋದ ವರ್ಷ ತೆರಿಗೆಯನ್ನು ಬಿಡಿಸಿ ತೋರಿಸಲು ಶುರುಮಾಡಿದಾಗ ನೋಟು ಎರಡನೇ ಹಾಳೆಗೆ ಹರಿಯುತ್ತಿತ್ತು. ಒಂದೇ ಹಾಳೆಯಲ್ಲಿ ಹಿಡಿಸಲೆಂದು ಬ್ಲಾಕಿನ ಸಾಲು, ಸರ್ಟಿಫಿಕೇಟಿನ ಸಾಲು, ಹಿಂದೆ ಕಟ್ಟಿದ್ದರ ಸಾಲು, ಮೂರನ್ನೂ ಕಿತ್ತೆ. ಆಗ ಎರಡೂ ಬ್ಲಾಕುಗಳು ಜೊತೆಜೊತೆಯಾಗಿ ಏಳುತ್ತಿದ್ದವು, ಯಾರಿಗೂ ತೊಂದರೆಯಾಗಲಿಲ್ಲ. ಕರಾರಿನಲ್ಲಿ ಮೂರನೇ ಸ್ಲ್ಯಾಬಾದ ಮೇಲೆ ಮುಂದಿನ ಕಂತು ಐದನೆಯದಕ್ಕೇ. ಮೂರನೇ ಸ್ಲ್ಯಾಬಿನ ನಂತರ ಎ ಬ್ಲಾಕು ಮುಂದೆ ಹೋಯಿತು, ನಾನು ಮಾತ್ರ ಹಳೆಯ ಅಭ್ಯಾಸದಲ್ಲಿ ಎರಡಕ್ಕೂ ಒಟ್ಟಿಗೇ ಪ್ರಿಂಟ್ ಕೊಟ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕಥೆ.

ಸೈಟ್ ಎಂಜಿನಿಯರಿಗೆ ಫೋನ್ ಮಾಡಿದೆ. "ಸರ್ಟಿಫಿಕೇಟಲ್ಲಿ ಎ ಬ್ಲಾಕ್ ಅಂತ ದಪ್ಪಗೆ ಬರೆದಿದೀನಲ್ಲ ಬಿಲ್ಲಕ್ಕ, ಓದಲಿಲ್ವಾ?" ಎಂದ. ಓದಿರಲಿಲ್ಲ. ಅವನ ಸಹಿ ಇದೆಯೋ ಇಲ್ಲವೋ ಅಷ್ಟೇ ನೋಡಿದ್ದೆ.

ಅವಳಿಗೆ ಕುರ್ಚಿ ಎಳೆದು ಕೊಟ್ಟೆ. ಮೊದಲೇ ಕೊಡಬೇಕಿತ್ತು.

"ತಪ್ಪು ನಂದು," ಎಂದೆ. "ಬ್ಯಾಂಕಿನವರು ಏನು ಬೇಕು ಅಂದ್ರು?"

"ಈ ನೋಟ್ ವಾಪಸ್ ತಗೊಂಡಿದೀವಿ, ರದ್ದತಿ ಪತ್ರನೂ ವಾಪಸ್, ಬಡ್ಡಿ ಇಲ್ಲ ಅಂತ ನಿಮ್ಮ ಕಡೆಯಿಂದ ಬರವಣಿಗೆಯಲ್ಲಿ ಬೇಕಂತೆ. ನನಗೂ ಅಷ್ಟೇ ಬೇಕಿರೋದು. ಫ್ಲ್ಯಾಟ್ ಹೋದ್ರೆ ಅಮ್ಮನಿಗೆ ಏನು ಹೇಳ್ಲಿ? ನಾವಿರೋದು ಮೂರನೇ ಮಹಡಿ ಬಾಡಿಗೆ ಮನೆ, ಲಿಫ್ಟ್ ಇಲ್ಲ. ಅಮ್ಮನಿಗೆ ಮಂಡಿ ಬಗ್ಗಲ್ಲ. ನಾಲ್ಕು ತಿಂಗಳಾಯ್ತು ಕೆಳಗೆ ಇಳಿದು. ನೆಲಮಹಡಿ ಅಂತಲೇ ಸಾಲ ಮಾಡಿ ತಗೊಂಡಿದ್ದು."

ಪತ್ರ ಟೈಪ್ ಮಾಡಿದೆ. ಮುಂದೆ ಕಳಿಸುವ ನೋಟಿನ ಮಾದರಿಯನ್ನೂ ಅವಳನ್ನು ಎದುರಿಗೆ ಕೂರಿಸಿಕೊಂಡೇ ಹೊಸದಾಗಿ ಮಾಡಿದೆ. ಕೊಂಡವರಿಬ್ಬರ ಹೆಸರು, ಬ್ಲಾಕು, ಫ್ಲ್ಯಾಟು, ಕರಾರಿನ ತಾರೀಖು. ಕರಾರಿನ ಪಟ್ಟಿಯಲ್ಲಿ ಇದು ಎಷ್ಟನೇ ಹಂತ, ಆ ಬ್ಲಾಕಿನಲ್ಲಿ ಅದು ಮುಗಿದ ದಿನ ಯಾವುದು, ಎಂಜಿನಿಯರ ಸರ್ಟಿಫಿಕೇಟಿನ ನಂಬರು, ಜೊತೆಗೆ ಅದರ ಪ್ರತಿ.

"ಇಲ್ಲೀವರೆಗೆ ಎಷ್ಟು ಕಟ್ಟಿದೀವಿ ಅಂತನೂ ಹಾಕಿ ಅಕ್ಕ," ಎಂದಳು. ಮೇಡಂ ಹೋಗಿ ಅಕ್ಕ ಬಂದಿತ್ತು. "ಶೇಕಡಾ ಐವತ್ತೈದು ಆಗಿದೆ, ಈಗ ಹತ್ತು, ಒಟ್ಟು ಅರವತ್ತೈದು ಅಂತ. ಪ್ರತಿ ಸಲ ನಾನು ಹಳೇ ರಸೀದಿ ಹರಡಿಕೊಂಡು ಕೂಡಬೇಕು."

ಅದನ್ನೂ ಹಾಕಿದೆ. ತೆರಿಗೆ ಬೇರೆ, ಮೂಲ ಮೊತ್ತ ಬೇರೆ. ಹಣ ಯಾವ ಖಾತೆಗೆ, ಎಷ್ಟು ದಿನದೊಳಗೆ, ತಡವಾದರೆ ಕರಾರಿನ ಪ್ರಕಾರ ಬಡ್ಡಿ ಎಷ್ಟು. ಹಾಳೆ ಎರಡಾಯಿತು. ಆಗಲಿ ಬಿಡಿ, ಕಾಗದ ಉಳಿಸಲು ಹೋಗಿ ಮನೆ ಕಳೆಯುವ ಜಾಣತನ ಸಾಕಾಗಿತ್ತು.

ಪತ್ರ ಹಿಡಿದು ಯಜಮಾನರ ಕೋಣೆಗೆ ಹೋದೆ. ಗಾರೆ ಕೆಲಸದಿಂದ ಮೇಲೆ ಬಂದ ಮನುಷ್ಯ. ಈಗಲೂ ಕೂತಲ್ಲಿ ಗೋಡೆಯ ಗಿಲಾವನ್ನು ಬೆರಳಿನಿಂದ ತಡವುತ್ತಿರುತ್ತಾರೆ. ಓದಿ ತಲೆ ಮೇಲೆ ಕೈ ಇಟ್ಟುಕೊಂಡರು.

"ಬಿ ಬ್ಲಾಕಲ್ಲಿ ಎಷ್ಟು ಜನಕ್ಕೆ ಹೋಗಿದೆ?"

"ಇಪ್ಪತ್ನಾಲ್ಕು. ಒಂಬತ್ತು ಜನ ಕಟ್ಟಿಬಿಟ್ಟಿದಾರೆ."

"ಆ ದುಡ್ಡು ಸಿಮೆಂಟಾಗಿ ಕಂಬಿಯಾಗಿ ಎ ಬ್ಲಾಕಿಗೆ ಹೋಗಿದೆಯಲ್ಲ ತಾಯಿ! ವಾಪಸ್ ಕೇಳಿದ್ರೆ ಎಲ್ಲಿಂದ ತರ್ಲಿ?" ಅವರ ದನಿಯಲ್ಲಿ ಮೋಸ ಇರಲಿಲ್ಲ, ಭಯ ಇತ್ತು. ನನಗೆ ಅವರನ್ನು ನೋಡಿಯೂ ಪಾಪವೆನಿಸಿತು. "ಈ ಹುಡುಗಿದು ಒಂದು ಮಾಡಿಕೊಡೋಣ. ಮಿಕ್ಕವರಿಗೆ ಏನೂ ಬರೀಬೇಡ. ಒಂದೆರಡು ತಿಂಗಳಲ್ಲಿ ಸ್ಲ್ಯಾಬ್ ಎದ್ದುಬಿಡುತ್ತೆ. ಇವರ ಹತ್ರ ಮಾತ್ರ ಇಬ್ಬರ ಸಹಿ ಹಾಕಿಸ್ಕೋ, ಆಮೇಲೆ ತಕರಾರು ಬರಬಾರದು. ನಾಳೆ ನನ್ನೆದುರಿಗೇ ಆಗಲಿ."

ಹೊರಗೆ ಬಂದು ಅವಳಿಗೆ ಹೇಳಿದೆ: ಅಮ್ಮನನ್ನೂ ಕರಕೊಂಡು ಬನ್ನಿ, ಇಬ್ಬರ ಸಹಿ ಬೇಕು. ಎಷ್ಟು ಸಲೀಸಾಗಿ ಹೇಳಿಬಿಟ್ಟೆ! ಅವಳು ಫೈಲು ಮುಚ್ಚಿ, "ಆಯ್ತು ಅಕ್ಕ" ಎಂದಳು. ಅವಳು ಹೋದಮೇಲೆ ಉಳಿದ ಇಪ್ಪತ್ತಮೂರು ಪತ್ರಗಳನ್ನು ಟೈಪ್ ಮಾಡುತ್ತ ಕೂತೆ. ಬೇಡವೆಂದಿದ್ದರು, ಹೌದು. ಆದರೆ ತಪ್ಪು ಸಹಿ ಹಾಕಿದ ಕೈ ನನ್ನದು, ಆ ಕೈಗೆ ಬೇರೆ ಕೆಲಸ ಹತ್ತಲಿಲ್ಲ.

ಮರುದಿನ ಮಧ್ಯಾಹ್ನ ಅವಳೊಬ್ಬಳೇ ಮೇಲೆ ಬಂದಳು, ಬೆವರಿ ಒದ್ದೆಯಾಗಿದ್ದಳು.

"ಅಮ್ಮ ಕೆಳಗೆ ಟ್ಯಾಕ್ಸಿಯಲ್ಲಿದಾರೆ. ನಮ್ಮ ಮನೆ ಮೆಟ್ಟಿಲು ಇಳಿಸೋಕೇ ಮುಕ್ಕಾಲು ಗಂಟೆ ಆಯ್ತು. ನಿಮ್ಮ ಆಫೀಸು ಎರಡನೇ ಮಹಡಿ, ಇಲ್ಲೂ ಲಿಫ್ಟ್ ಇಲ್ಲ ಅಂತ ಅಮ್ಮನಿಗೆ ಹೇಳೋಕೆ ಮರ್ತಿದ್ದೆ."

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಯಜಮಾನರನ್ನು ಒಪ್ಪಿಸಿ ನಾನೇ ಅವರ ಮನೆಗೆ ಹೋಗಿ ಸಹಿ ಹಾಕಿಸಿಕೊಳ್ಳಬಹುದಿತ್ತಲ್ಲ, ಕಾಲಿಗೇನು ಬಂದಿತ್ತು ನನಗೆ? ಪತ್ರ, ಪೆನ್ನು, ಒತ್ತಿಗೆ ಒಂದು ರಟ್ಟು ಹಿಡಿದು ಎದ್ದೆ. ಯಜಮಾನರೂ ಕೋಣೆಯಿಂದ ಎದ್ದು ಬಂದರು. "ನಡೀರಿ, ನಾನೂ ಬರ್ತೀನಿ," ಎಂದರು.

ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಅವಳ ಅಮ್ಮ ಒಂದು ಕಾಲನ್ನು ಉದ್ದಕ್ಕೆ ಚಾಚಿ ಕೂತಿದ್ದರು. ಚೊಕ್ಕಟವಾದ ಬಟ್ಟೆ, ಬಾಚಿದ ತಲೆ. ಹೊರಗೆ ಬರುವುದೆಂದು ತಯಾರಾಗಿ ಬಂದಿದ್ದರು. ಕನ್ನಡಕ ಏರಿಸಿ ಪತ್ರವನ್ನು ಒಂದಕ್ಷರ ಬಿಡದೆ ಓದಿದರು. ಟ್ಯಾಕ್ಸಿಯವನು ಎರಡು ಸಲ ಗಡಿಯಾರ ನೋಡಿಕೊಂಡ. ಆಮೇಲೆ ಅಮ್ಮ ಯಜಮಾನರ ಕಡೆ ತಿರುಗಿದರು.

"ಕಟ್ಟಿಸೋರು ನೀವೇನಪ್ಪಾ?"

"ಹೌದಮ್ಮಾ."

"ನಮ್ಮ ಕಟ್ಟಡ ಈಗ ಎಷ್ಟು ಸ್ಲ್ಯಾಬ್ ಆಗಿದೆ?"

ಯಜಮಾನರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ಮೂರಮ್ಮಾ. ಮೂರೇ ಆಗಿರೋದು."

"ನನ್ನ ಮಗಳು ತಿಂಗಳಿಂದ ಅನ್ನ ಮುಟ್ಟಿಲ್ಲ ಸರಿಯಾಗಿ. ತಾನೇ ಏನೋ ತಪ್ಪು ಮಾಡಿದೀನಿ ಅಂದ್ಕೊಂಡಿದ್ಲು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಪೆನ್ನು ಹಿಡಿದು ಸಹಿ ಹಾಕಿದರು. "ಇವಳಾದ್ರೆ ಓದಿದವಳು, ಎಣಿಸೋಕೆ ಹೋದ್ಲು. ಎಣಿಸದೆ ಕೊಟ್ಟೋರು ಇದಾರೇನಪ್ಪಾ?"

ಯಜಮಾನರು ಪತ್ರವನ್ನು ಮಗಳ ಕಡೆ ಚಾಚಿದರು. ಮಗಳೂ ಸಹಿ ಹಾಕಿ, ಒಂದು ಪ್ರತಿ ನನಗೆ ಕೊಟ್ಟು, ಇನ್ನೊಂದನ್ನು ಫೈಲಿನೊಳಗೆ ಇಟ್ಟು, ಎರಡು ಸಲ ತೆರೆದು ನೋಡಿ, ಬ್ಯಾಂಕಿನ ದಾರಿ ಹೇಳಿ ಟ್ಯಾಕ್ಸಿ ಹತ್ತಿದಳು. ನನ್ನ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು.

ನಾವಿಬ್ಬರೂ ಮೆಟ್ಟಿಲು ಹತ್ತಿದೆವು. ಮೊದಲ ಮಹಡಿಯಲ್ಲಿ ಯಜಮಾನರು ಏದುಸಿರು ಬಿಡುತ್ತ ನಿಂತರು.

"ಮಿಕ್ಕ ಇಪ್ಪತ್ತಮೂರು ಕಾಗದ ಟೈಪ್ ಮಾಡಿಟ್ಟಿದೀಯ ಅಲ್ವಾ?"

"ಮಾಡಿದೀನಿ."

"ಬೇಡ ಅಂದಿದ್ದೆ."

"ಅಂದಿದ್ರಿ."

ಕೋಣೆಗೆ ಬಂದು ಕೂತು ಒಂದೊಂದಾಗಿ ಸಹಿ ಹಾಕಿದರು. ಹಣ ಕಟ್ಟಿದ್ದ ಒಂಬತ್ತು ಜನರ ಪತ್ರ ಬಂದಾಗ ಪೆನ್ನು ನಿಂತಿತು. ನಿಜವಾದ ಹಂತ ಬರುವವರೆಗೆ ಹಣ ನಮ್ಮಲ್ಲೇ ಇರಲಿ ಎಂದರೆ ಮುಂಗಡವೆಂದು ಬರೆದುಕೊಳ್ಳುತ್ತೇವೆ, ಆಗ ಮತ್ತೆ ಕೇಳುವುದಿಲ್ಲ. ಬೇಡವೆಂದರೆ ವಾಪಸ್ ಕೊಡುತ್ತೇವೆ ಎಂದು ಬರೆದಿದ್ದೆ.

"ಒಂಬತ್ತೂ ಜನ ವಾಪಸ್ ಕೇಳಿದ್ರೆ?"

"ಕೊಡಬೇಕಾಗುತ್ತೆ."

"ಬಿಲ್ಲಕ್ಕ, ನಾನು ಮುಳುಗಿಹೋಗ್ತೀನಿ."

"ಅವರ ದುಡ್ಡಲ್ಲಿ ತೇಲೋದು ಬೇಡ ಯಜಮಾನ್ರೇ," ಎಂದೆ. ಹದಿನೇಳು ವರ್ಷದಲ್ಲಿ ಅವರಿಗೆ ಹೀಗೆ ಹೇಳಿದ್ದು ಅದೇ ಮೊದಲು, ಹೇಳಿ ನನಗೇ ಅಳು ಬಂತು.

ಅವರು ಗೋಡೆಯ ಗಿಲಾವನ್ನು ಒಮ್ಮೆ ತಡವಿದರು. ಆಮೇಲೆ ಒಂಬತ್ತಕ್ಕೂ ಸಹಿ ಹಾಕಿ, ನನ್ನ ಕಡೆ ತಳ್ಳಿ, ಸೈಟ್ ಎಂಜಿನಿಯರಿಗೆ ಫೋನ್ ಹಚ್ಚಿದರು.

"ಎ ಬ್ಲಾಕ್ ನಿಲ್ಸಪ್ಪ. ಕಂಬಿ ಕಟ್ಟೋರನ್ನೆಲ್ಲ ನಾಳೆ ಬೆಳಿಗ್ಗೆಯಿಂದ ಬಿ ಬ್ಲಾಕಿಗೆ ಹತ್ತಿಸು. ಅಲ್ಲಿನ ನೆಲಮಹಡಿಗೆ ಇಳಿಯೋಕೆ ಒಬ್ಬ ತಾಯಿ ಮೆಟ್ಟಿಲ ಮೇಲೆ ಕಾಯ್ತಾ ಇದಾರೆ."