ಪಕ್ಕೀರಮ್ಮ ನೀಡಿದ ರಚನಾತ್ಮಕ ಸಲಹೆ

ಬಳ್ಳಾರಿಯ ಆ ಕಚೇರಿಯಲ್ಲಿ ಸೋಮವಾರ ಬೆಳಿಗ್ಗೆ ಎರಡು ಸಂಗತಿಗಳು ತಪ್ಪುತ್ತಿರಲಿಲ್ಲ. ಒಂದು, ಕೆಳಗಿನ ಅಂಗಡಿಯಿಂದ ಬರುವ ಒಗ್ಗರಣೆ ಮಂಡಕ್ಕಿ ಮತ್ತು ಮಿರ್ಚಿ. ಇನ್ನೊಂದು, ಮ್ಯಾನೇಜರ್ ಗುರುಸ್ವಾಮಿಯವರು ಹಿಂದಿನ ವಾರದ ಕ್ಷೇತ್ರ ವರದಿಗಳನ್ನು ಗಟ್ಟಿಯಾಗಿ ಓದುವುದು. ಹರೆಯದಲ್ಲಿ ನಾಟಕಗಳಲ್ಲಿ ಪಾತ್ರ ಮಾಡಿದ್ದ ಗಂಟಲು ಅವರದು. ಗೊಬ್ಬರ ಹಂಚಿದ ವಿವರವನ್ನೂ ರಾಜನೊಬ್ಬ ಯುದ್ಧಕ್ಕೆ ಹೊರಟ ಹಾಗೆ ಓದುತ್ತಿದ್ದರು.

ರೈತ ಮಹಿಳೆಯರ ಸಂಘಗಳಿಗೆ ನೆರವಾಗುವ ಸಣ್ಣ ಸಂಸ್ಥೆ ಅದು. ಸಿರುಗುಪ್ಪದ ಹಳ್ಳಿಗಳು ರಾಧಾಳ ಪಾಲು, ಕುರುಗೋಡಿನವು ಹುಲುಗೇಶನ ಪಾಲು. ಈಚಿನ ನಾಲ್ಕು ತಿಂಗಳಲ್ಲಿ ರಾಧಾಳ ವರದಿಗಳಿಗೆ ಭಾರೀ ಹೆಸರು ಬಂದಿತ್ತು. "ಆಹಾ, ಏನು ವಾಕ್ಯ!" ಎಂದು ಗುರುಸ್ವಾಮಿ ಮಿರ್ಚಿ ಕೈಯಲ್ಲೇ ಹಿಡಿದು ನಿಂತುಬಿಡುತ್ತಿದ್ದರು. ಸಿರುಗುಪ್ಪ ತಾಲೂಕಿಗೆ ಸಂಯೋಜಕಿ ಬೇಕೆಂದು ಹುಬ್ಬಳ್ಳಿಯ ಮುಖ್ಯ ಕಚೇರಿ ಕೇಳಿದಾಗ ಅವರು ಹಿಂದೆಮುಂದೆ ನೋಡದೆ ರಾಧಾಳ ಹೆಸರು ಬರೆದು ಕಳಿಸಿದರು.

ರಾಧಾಳಿಗೆ ಆ ಕೆಲಸ ಬೇಕಿತ್ತು. ಈಗಿನದು ವರ್ಷಕ್ಕೊಮ್ಮೆ ನವೀಕರಣವಾಗುವ ಕೆಲಸ, ಅದು ಕಾಯಂ. ತೊಂದರೆ ಒಂದೇ. ಆ ವಾಕ್ಯಗಳು ಅವಳವಲ್ಲ.

ಹಳ್ಳಿಯಿಂದ ವಾಪಸು ಬರುವಾಗ ಬಸ್ಸಿನಲ್ಲಿ ಕೂತು, ಕಂಡದ್ದು ಕೇಳಿದ್ದನ್ನೆಲ್ಲ ಅವಳು ಮೊಬೈಲಿಗೆ ಹೇಳಿಕೊಳ್ಳುತ್ತಿದ್ದಳು. ಮೊಬೈಲು ಅದನ್ನು ಅಕ್ಷರ ಮಾಡುತ್ತಿತ್ತು. ಮನೆಗೆ ಬಂದು ಅದನ್ನು ಎಐಗೆ ಕೊಟ್ಟು, 'ಕಚೇರಿಯ ವರದಿ ಮಾಡಿಕೊಡು' ಎಂದರೆ ಮುಗಿಯಿತು. ಅಂಕಿ ಸಂಖ್ಯೆಗಳನ್ನು ತಿದ್ದಿ ನೋಡಿ ಕಳಿಸುತ್ತಿದ್ದಳು. ಉಳಿದದ್ದು ಎಷ್ಟು ಚಂದವಿರುತ್ತಿತ್ತೆಂದರೆ, ಅದನ್ನು ಮುಟ್ಟಲು ಅವಳಿಗೇ ಮನಸ್ಸು ಬರುತ್ತಿರಲಿಲ್ಲ.

ಹೀಗಿರುವಾಗ ಒಂದು ಶುಕ್ರವಾರ ಹುಬ್ಬಳ್ಳಿಯಿಂದ ಮೇಲ್ ಬಂತು. ಕರೂರಿನ ಮಹಿಳೆಯರು ಸಂಸ್ಥೆ ಕೊಟ್ಟ, ಭತ್ತದ ಗದ್ದೆಯ ಕಳೆ ತೆಗೆಯುವ ಯಂತ್ರದ ಬಗ್ಗೆ 'ಅಪಾರ ಉತ್ಸಾಹ' ತೋರಿರುವುದರಿಂದ, ಅಂಥದ್ದೇ ಹತ್ತು ಯಂತ್ರಗಳನ್ನು ಕುರುಗೋಡಿನ ಬಾದನಹಟ್ಟಿಗೂ ಕಳಿಸುವುದಾಗಿ ಅದರಲ್ಲಿ ಬರೆದಿತ್ತು.

ರಾಧಾ ಅಂದು ಕರೂರಿನಲ್ಲೇ ಇದ್ದಳು. ಮೇಲ್ ಓದಿ ತಲೆ ಎತ್ತಿದರೆ ಎದುರಿಗೆ ಸಂಘದ ಪಕ್ಕೀರಮ್ಮನ ಅಂಗಳ. ಗೋಡೆಗೆ ಒರಗಿಸಿಟ್ಟ ಕಳೆ ಯಂತ್ರದ ಹಿಡಿಕೆಯ ಮೇಲೆ ಎರಡು ಕೋಳಿಗಳು ಗಂಭೀರವಾಗಿ ಕೂತಿದ್ದವು.

"ಅಮ್ಮಾ, ಇದನ್ನ ಗದ್ದಿಗೆ ಒಯ್ಯಂಗಿಲ್ಲೇನು?"

"ಎಷ್ಟು ಸಲ ಹೇಳ್ಬೇಕು ನಿನಗ?" ಪಕ್ಕೀರಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಳು. "ಅದರ ಹಿಡಿಕಿ ನನ್ನ ಭುಜಕ್ಕ ಬರ್ತೈತಿ. ಯಾವನೋ ಆರಡಿ ಗಂಡಸು ತನ್ನ ಅಳತಿಗೆ ಮಾಡ್ಯಾನ. ಅದನ್ನ ದಬ್ಬೂದಕ್ಕಿಂತ ನನ್ನ ಗಂಡನ್ನ ಬೆಳಿಗ್ಗೆ ಹಾಸಿಗಿಂದ ಎಬ್ಬಿಸೂದು ಹಗುರ ಐತಿ. ಹೋದ ಸಲಾನೂ ಹೇಳೀನಿ, ಅದರ ಹಿಂದಿನ ಸಲಾನೂ ಹೇಳೀನಿ. ನಿಮ್ಮ ಆಫೀಸ್ನಾಗ ಯಾರಿಗೂ ಕಿವಿ ಇಲ್ಲೇನು?"

ಹೇಳಿದ್ದಳು, ನಿಜ. ರಾಧಾ ಬಸ್ಸಿನಲ್ಲಿ ಹಳೆಯ ಟಿಪ್ಪಣಿ ತೆಗೆದು ನೋಡಿದಳು. ಗಂಡನನ್ನು ಎಬ್ಬಿಸುವ ಮಾತು ಅದರಲ್ಲಿ ಹಾಗೇ ಇತ್ತು. ಆಮೇಲೆ ವರದಿ ತೆಗೆದಳು. 'ಮಹಿಳಾ ಸದಸ್ಯರು ಯಂತ್ರದ ಬಗ್ಗೆ ಅಪಾರ ಉತ್ಸಾಹ ತೋರಿ, ಬಳಕೆಯ ಅನುಕೂಲತೆ ಕುರಿತು ರಚನಾತ್ಮಕ ಸಲಹೆಗಳನ್ನು ನೀಡಿದರು.' ಯಂತ್ರ ಬಂದ ದಿನ ಹೆಂಗಸರೆಲ್ಲ ನೋಡಲು ಸೇರಿದ್ದರೆಂದು ಅವಳು ಹೇಳಿದ್ದೇ ಉತ್ಸಾಹವಾಗಿತ್ತು. ಬೈಗುಳ ಸಲಹೆಯಾಗಿತ್ತು. ತಪ್ಪು ಅಂಕಿಯಾಗಿದ್ದರೆ ಅವಳ ಕಣ್ಣಿಗೆ ಬೀಳುತ್ತಿತ್ತು. ಇದು ನಯವಾಗಿ ಜಾರಿ ಹೋಗಿತ್ತು.

ಶನಿವಾರ ಕಚೇರಿಯಲ್ಲಿ ಅವಳು ಗುರುಸ್ವಾಮಿಯವರಿಗೆ ಎಲ್ಲವನ್ನೂ ತಿಳಿಸಿ ಮೇಲ್ ಬರೆಯಲು ಕೂತಳು. ವಿಷಯ ಗೊತ್ತಾಗಿ ಹುಲುಗೇಶ ಕುರ್ಚಿ ಎಳೆದುಕೊಂಡು ಓಡಿಬಂದ.

"ರಾಧಕ್ಕ, ನಿನಗೇನು ಹುಚ್ಚೇನು? ಕೈಗೆ ಬಂದ ಪೋಸ್ಟು!"

"ಹತ್ತು ಯಂತ್ರ ನಿನ್ನ ಬಾದನಹಟ್ಟಿಗೆ ಬರಾಕತ್ಯಾವ ಹುಲುಗೇಶ. ಅಲ್ಲಿ ಅಷ್ಟು ಕೋಳಿ ಅದಾವೇನು?"

"ಅದಲ್ಲ..." ಅವನು ಧ್ವನಿ ಇಳಿಸಿದ. "ನೀನು ಹೇಳಿದ್ರ ಸರ್ ಎಲ್ಲಾರನ್ನೂ ಕೇಳ್ತಾರ. ನನ್ನ ವರದಿ ಏನು ನಾನು ಬರೀತೀನಿ ಅಂದ್ಕೊಂಡೀಯೇನು? ನನಗ ರಜಾ ಚೀಟಿ ಬರಿಯಾಕೂ ಬರಂಗಿಲ್ಲ."

"ನಿನ್ನ ಹೆಸರು ಹಾಕಂಗಿಲ್ಲ. ನಂದಷ್ಟ ಬರೀತೀನಿ."

ಅವನು ಎದ್ದು ಹೋಗಿ, ಅವಳಿಗೊಂದು ಚಹಾ ತಂದಿಟ್ಟ.

ಅವಳು ಬರೆದದ್ದು ಹೀಗಿತ್ತು:

'ಮಾನ್ಯ ಸರ್, ಜೂನ್ ತಿಂಗಳಿಂದ ನನ್ನ ಕ್ಷೇತ್ರ ವರದಿಗಳ ಕರಡನ್ನು ಎಐ ಬಳಸಿ ಸಿದ್ಧಪಡಿಸುತ್ತಿದ್ದೇನೆ. ಟಿಪ್ಪಣಿ ನನ್ನದು, ಭಾಷೆ ಅದರದ್ದು. ನಾನು ಅಂಕಿಗಳನ್ನು ಪರಿಶೀಲಿಸಿದೆ, ಮಾತುಗಳನ್ನು ಪರಿಶೀಲಿಸಲಿಲ್ಲ. ಆದ್ದರಿಂದ ಕರೂರಿನ ದೂರು ವರದಿಯಲ್ಲಿ ಹೊಗಳಿಕೆಯಾಗಿದೆ. ತಿದ್ದಿದ ವರದಿ ಮತ್ತು ಮೂಲ ಟಿಪ್ಪಣಿ ಲಗತ್ತಿಸಿದ್ದೇನೆ. ಬಾದನಹಟ್ಟಿಗೆ ಯಂತ್ರ ಕಳಿಸುವುದನ್ನು ದಯವಿಟ್ಟು ತಡೆಯಿರಿ. ಎರಡು ಬಾರಿ ಸದಸ್ಯರ ಹೆಸರು, ಫೋನ್ ನಂಬರುಗಳನ್ನೂ ಎಐಗೆ ಕೊಟ್ಟಿದ್ದೇನೆ. ಅವರನ್ನು ಕೇಳದೆ ಹಾಗೆ ಕೊಡಬಾರದಿತ್ತು. ನಾವು ಇದನ್ನು ಬಳಸಬಹುದೇ, ಬಳಸಿದರೆ ಯಾವುದನ್ನು ಕೊಡಬಾರದು, ಬಳಸಿದ್ದನ್ನು ವರದಿಯಲ್ಲಿ ಹೇಳಬೇಕೇ, ತಪ್ಪಾದರೆ ಯಾರು ಹೊಣೆ ಎಂಬುದಕ್ಕೆ ನಮ್ಮಲ್ಲಿ ನಿಯಮವಿಲ್ಲ. ಸ್ಪಷ್ಟವಾದ ನಿಯಮ ಮಾಡಿಕೊಡಬೇಕೆಂದು ಕೋರುತ್ತೇನೆ. ಸಿರುಗುಪ್ಪದ ಹುದ್ದೆಗೆ ಆ ವರದಿಗಳನ್ನು ನೋಡಿ ನನ್ನನ್ನು ಆರಿಸಬೇಡಿ. ಈ ಪತ್ರ ನಾನೇ ಬರೆದದ್ದು. ಚಂದವಿಲ್ಲದಿದ್ದರೆ ಕ್ಷಮಿಸಿ.'

ಕಳಿಸಿದ ಮೇಲೆ ಉತ್ತರ ಬರಲಿಲ್ಲ. ಭಾನುವಾರ ಪೂರ್ತಿ ಅವಳು ಮೊಬೈಲನ್ನು ಅಕ್ಕಿ ಡಬ್ಬಿಯ ಮೇಲಿಟ್ಟು, ಹೋಗಿ ಬಂದು ನೋಡಿದಳು. ಗುರುಸ್ವಾಮಿ ಆ ಪತ್ರವನ್ನು ಸೋಮವಾರ ಎಲ್ಲರೆದುರು ನಾಟಕದ ಧ್ವನಿಯಲ್ಲಿ ಓದಿದರೆ ಎಂಬ ಭಯ ಅವಳಿಗೆ. 'ಎರಡು ಬಾರಿ...' ಎಂದು ಅವರು ಕೈ ಎತ್ತುವುದು ಕಣ್ಣೆದುರು ಬಂದು ಅಡುಗೆಗೆ ಉಪ್ಪು ಹಾಕುವುದನ್ನೇ ಮರೆತಳು.

ಸೋಮವಾರ ಮಂಡಕ್ಕಿ ಬಂತು. ಗುರುಸ್ವಾಮಿ ಏನನ್ನೂ ಓದಲಿಲ್ಲ. "ಇವತ್ತು ಗಂಟಲು ಸರಿಯಿಲ್ಲ" ಎಂದರು. ಅವರ ಗಂಟಲು ಚೆನ್ನಾಗಿಯೇ ಇತ್ತು, ಸ್ವಲ್ಪ ಹೊತ್ತಿನ ಹಿಂದಷ್ಟೇ ಹುಬ್ಬಳ್ಳಿಗೆ ಫೋನಿನಲ್ಲಿ "ಆ ಹತ್ತನ್ನೂ ನಿಲ್ಲಸ್ರಿ!" ಎಂದು ಕಿಟಕಿ ನಡುಗುವಂತೆ ಕೂಗಿದ್ದು ಎಲ್ಲರಿಗೂ ಕೇಳಿಸಿತ್ತು. ರಾಧಾ ಮಂಡಕ್ಕಿ ಮುಟ್ಟದೆ ಕೂತದ್ದನ್ನು ಕಂಡು, ಖಾರ ಕಡಿಮೆಯ ಮಿರ್ಚಿಯೊಂದನ್ನು ಆರಿಸಿ ಅವಳ ತಟ್ಟೆಗಿಟ್ಟರು. "ನಾಳೆ ಕರೂರಿಗೆ ಹೋಗೋಣಮ್ಮ. ನಾನೂ ಬರ್ತೀನಿ" ಎಂದರು.

ಮರುದಿನ ಕರೂರಿನ ಬೇವಿನ ಮರದ ಕೆಳಗೆ ಸಂಘದ ಹೆಂಗಸರು ಸೇರಿದರು. ಗುರುಸ್ವಾಮಿ ಎದ್ದು ನಿಂತು ಹಳೆಯ ವರದಿ ಬಿಡಿಸಿ, ತಮ್ಮ ಪೂರ್ತಿ ಗಂಟಲು ತೆರೆದರು. 'ಸದಸ್ಯರು ಅಪಾರ ಉತ್ಸಾಹ ತೋರಿ...' ಅವರ ಕೈ ಗಾಳಿಯಲ್ಲಿ ತೇಲಿತು. '...ರಚನಾತ್ಮಕ ಸಲಹೆಗಳನ್ನು ನೀಡಿದರು!'

ಪಕ್ಕೀರಮ್ಮ ಅಕ್ಕಪಕ್ಕ ನೋಡಿದಳು.

"ಸಾಹೇಬ್ರ, ಇವ್ರು ಯಾವ ಊರಿನ ಹೆಂಗಸ್ರು? ಭಾಳ ಒಳ್ಳೇವ್ರು ಅದಾರಲ್ಲ!"

"ಕರೂರಿನವ್ರ ಅಂತ ಬರದೈತೆವ್ವ."

"ನಮ್ಮ ಊರಾಗ ಇಂಥವ್ರು ಇದ್ರ ನಾವು ನೋಡಿರ್ತಿದ್ವಿ."

ನಗೆ ಮರ ದಾಟಿ ರಸ್ತೆಗೆ ಹೋಯಿತು. ಗುರುಸ್ವಾಮಿ ರಾಧಾಳ ಕಡೆ ತಿರುಗಿದರು. "ಈಗ ನಿಂದು ಓದು."

ಅವಳು ತಿದ್ದಿದ ವರದಿಯನ್ನು ತಗ್ಗಿದ ಧ್ವನಿಯಲ್ಲಿ ಓದಿದಳು. ಹಿಡಿಕೆ ಭುಜಕ್ಕೆ ಬರುತ್ತದೆ. ದಬ್ಬಿದರೆ ತೋಳು ಹಿಡಿದುಕೊಳ್ಳುತ್ತವೆ. ಗಂಡನನ್ನು ಎಬ್ಬಿಸುವುದು ಹಗುರ.

"ಹಾಂ! ಇದು ನಾನು" ಎಂದಳು ಪಕ್ಕೀರಮ್ಮ. ಹಿಂದೆಯೇ ಅವಳ ಮುಖ ಸಪ್ಪಗಾಯಿತು. "ಅದಿರಲಿ, ಹುಬ್ಬಳ್ಳಿಯವ್ರಿಗೆ ನನ್ನ ಗಂಡನ ಸುದ್ದಿ ಯಾಕವ್ವ? ಅದೊಂದು ತೆಗಿ. ಹಿಡಿಕಿದು ಮಾತ್ರ ಒಂದಕ್ಷರ ಬಿಡಬ್ಯಾಡ."

ರಾಧಾ ಅಲ್ಲೇ ಗಂಡನನ್ನು ಹೊಡೆದುಹಾಕಿದಳು. ಗುರುಸ್ವಾಮಿ ಆ ಗೀಟನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪ್ಯಾಂಟು ಮಡಚಿ, ಯಂತ್ರ ತೆಗೆದುಕೊಂಡು ಗದ್ದೆಗಿಳಿದರು. ಕುಳ್ಳಗಿನ ಮನುಷ್ಯ. ಹಿಡಿಕೆ ಅವರ ಎದೆ ದಾಟಿತ್ತು. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಯಂತ್ರ ಎರೆ ಮಣ್ಣಿನಲ್ಲಿ ನಿಂತಿತು, ಅವರು ಮಾತ್ರ ನಿಲ್ಲಲಿಲ್ಲ. ಎದ್ದಾಗ ಕನ್ನಡಕದ ಮೇಲೂ ಕೆಸರು. ಪಕ್ಕೀರಮ್ಮ ನಗು ನುಂಗಿಕೊಂಡು ಬಿಂದಿಗೆ ನೀರು ತಂದು ಅವರ ಕೈ ಮೇಲೆ ಸುರಿದಳು, ತನ್ನ ಸೆರಗಿನಿಂದಲೇ ಕನ್ನಡಕ ಒರೆಸಿಕೊಟ್ಟಳು.

"ಸಾಹೇಬ್ರ, ಆ ಹುಡುಗಿಗೆ ಬೈಬ್ಯಾಡ್ರಿ. ಬಂದಾಗೆಲ್ಲ ಕೂತು ಕೇಳ್ಯಾಳ. ಬೈಯೂದು ನನ್ನ ಕೆಲಸ, ಅದನ್ನ ನೀವು ಕಸಗೋಬ್ಯಾಡ್ರಿ."

ವಾಪಸು ಬರುವಾಗ ಯಂತ್ರವೂ ಜೀಪಿನಲ್ಲಿತ್ತು. ಸಿರುಗುಪ್ಪದ ವೆಲ್ಡಿಂಗ್ ಅಂಗಡಿಯಲ್ಲಿ ಹಿಡಿಕೆಯನ್ನು ಕತ್ತರಿಸಿ, ಬಗ್ಗಿಸಿ ಬೆಸೆಯುವುದು ಒಂದು ಚಹಾ ಕುಡಿಯುವಷ್ಟರ ಕೆಲಸವಾಯಿತು. ತಿಂಗಳುಗಟ್ಟಲೆ ಕೋಳಿಗಳು ಕೂತಿದ್ದ ಕಬ್ಬಿಣದ ತುಂಡು ನೆಲಕ್ಕೆ ಬಿದ್ದಾಗ ಗುರುಸ್ವಾಮಿ ಬಾಯಿಬಿಟ್ಟರು.

"ನಿನ್ನ ಶಿಫಾರಸು ಪತ್ರ ವಾಪಸ್ ತರಿಸ್ಕೊಂಡೆ ರಾಧಾ."

ಅವಳು ಲೋಟವನ್ನು ಕೆಳಗಿಟ್ಟಳು. "ಸರಿ ಸರ್."

"ಏನು ಸರಿ? ಅದ್ರಾಗ 'ಅತ್ಯುತ್ತಮ ಬರವಣಿಗೆ' ಅಂತ ಬರದಿದ್ದೆ. ಸುಳ್ಳಾತಲ್ಲ! ಹೊಸದು ಬರೀಬೇಕು. ತನ್ನ ತಪ್ಪನ್ನ ತಾನ ಹುಡುಕಿ, ಯಾರೂ ಕೇಳೂಕಿಂತ ಮೊದಲು ಹೇಳ್ತಾಳ ಅಂತ. ಕೊಡೂದು ಬಿಡೂದು ಹುಬ್ಬಳ್ಳಿಯವ್ರಿಗೆ ಬಿಟ್ಟದ್ದು. ನಾನಂತೂ ಗಟ್ಟಿಯಾಗೇ ಬರೀತೀನಿ." ಚಹಾ ಮುಗಿಸಿ ಮತ್ತೆ ಹೇಳಿದರು, "ಈಗ ಪೆನ್ನು ತಗಿ. ನಿಯಮ ಬೇಕಂದ್ಯಲ್ಲ."

ಜೀಪಿನ ಕುಲುಕಾಟದಲ್ಲಿ ಬರೆದ ಆ ನಿಯಮದ ಅಕ್ಷರಗಳು ಹಾವಿನಂತಿದ್ದವು. ಕರಡಿಗೆ ಎಐ ಬಳಸಬಹುದು, ಬಳಸಿದ್ದನ್ನು ವರದಿಯ ಕೊನೆಯಲ್ಲಿ ಹೇಳಬೇಕು. ಸದಸ್ಯರ ಹೆಸರು, ಫೋನು, ಆಧಾರ್ ಯಾವುದನ್ನೂ ಅದಕ್ಕೆ ಕೊಡಬಾರದು. ಮೂಲ ಟಿಪ್ಪಣಿಯನ್ನು ಜೊತೆಗಿಡಬೇಕು. ಸಹಿ ಯಾರದೋ ಹೊಣೆಯೂ ಅವರದೇ. ಕಡೆಯದನ್ನು ಗುರುಸ್ವಾಮಿ ಎರಡು ಸಲ ಹೇಳಿ ಬರೆಸಿದರು: ವರದಿ ಯಾರ ಬಗ್ಗೆಯೋ ಅವರಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳಿ, ಅವರು 'ಇದು ನಾನೇ' ಎಂದ ಮೇಲೆಯೇ ಕಳಿಸಬೇಕು. ಮುಖ್ಯ ಕಚೇರಿ ತನ್ನ ನಿಯಮ ಮಾಡುವವರೆಗೆ ಬಳ್ಳಾರಿಯಲ್ಲಿ ಇದೇ ಜಾರಿ.

ನಿಯಮ ಗೋಡೆಗೆ ಹತ್ತಿದ ಸಂಜೆಯೇ ಗುರುಸ್ವಾಮಿಯವರಿಗೆ ಇನ್ನೊಂದು ಮೇಲ್ ಬಂತು. ವಿಷಯ: 'ನಾನೂ.' ಹುಲುಗೇಶನದು. ಒಳಗೆ ಎರಡೇ ಸಾಲು, ಅದರಲ್ಲಿ ಮೂರು ತಪ್ಪು. ಸ್ವಂತ ಬರವಣಿಗೆ ಎಂಬುದರಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ.

ಹುಬ್ಬಳ್ಳಿಯ ಉತ್ತರ ಬಂದದ್ದು ಎರಡು ವಾರದ ಮೇಲೆ, ಸೋಮವಾರ, ಮಂಡಕ್ಕಿಯ ಜೊತೆಗೇ. ಈ ನಡುವೆ ನಡೆದ ಸಂದರ್ಶನಕ್ಕೆ ಬಂದವರಲ್ಲಿ ಆ ಹುದ್ದೆಗೆ ರಾಧಾಳನ್ನೇ ಆರಿಸಿದ್ದರು, ನಿಯಮದ ಪ್ರತಿಯನ್ನೂ ಕೇಳಿದ್ದರು. ಗುರುಸ್ವಾಮಿ ಅದನ್ನು ಸಾಧಾರಣ ಧ್ವನಿಯಲ್ಲಿ ಓದಿ ಮುಗಿಸಿ ಬದಿಗಿಟ್ಟರು. ಆಮೇಲೆ ಕರೂರಿನ ಹೊಸ ವರದಿ ಎತ್ತಿಕೊಂಡು, ಗಂಟಲು ಸರಿಮಾಡಿ, ಎದ್ದು ನಿಂತರು.

"'ಹಿಡಿಕಿ ಈಗ ಸರಿ ಐತಿ. ಆದ್ರ ನಿಮ್ಮ ಸಾಹೇಬ್ರು ಗದ್ದಿ ಹಾಳು ಮಾಡಿ ಹೋದ ಜಾಗದಾಗ ಸಸಿ ಮತ್ತೆ ಯಾರು ನೆಡ್ತಾರ?'"

ಅವರ ಕೈ ಗಾಳಿಯಲ್ಲೇ ನಿಂತಿತು. ಕೆಳಗಿನ ಸಾಲನ್ನು ಅವರು ಮೆಲ್ಲಗೆ ಓದಿದರು: 'ಕರಡಿಗೆ ಎಐ ನೆರವು ಪಡೆದಿದೆ. ಬೈಗುಳ ಸದಸ್ಯರದೇ. ಓದಿ ಹೇಳಲಾಗಿದೆ, ಒಪ್ಪಿದ್ದಾರೆ.'

"ಮಿರ್ಚಿ ತಗೋರಿ ಸರ್" ಎಂದು ರಾಧಾ ತಟ್ಟೆಯನ್ನು ಅವರ ಮುಂದೆ ಸರಿಸಿದಳು.